ಮೂರು ಸುತ್ತಿನ ಸನ್‌ಸ್ಕ್ರೀನ್

ನನಗೆ ಲೂಪಸ್ ಇದೆ ಎಂದು ಗೊತ್ತಾದಾಗ ನಾನು ಕೃಷಿ ಕಾಲೇಜಿನಲ್ಲಿ ಮೊದಲ ವರ್ಷ ಮುಗಿಸುವುದರಲ್ಲಿದ್ದೆ. ಮೈಯನ್ನು ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಮೈಯ ಮೇಲೆ ತಿರುಗಿ ಬೀಳುವ ಕಾಯಿಲೆ ಅದು. ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಎರಡು ಕೆನ್ನೆಗೂ ಮೂಗಿನ ಮೇಲೂ ಕೆಂಪು ಹರಡಿಕೊಂಡಿತ್ತು. ನಮ್ಮ ಅಜ್ಜಿ ಅದನ್ನು ನೋಡಿ, ಹುಡುಗಿಯ ಮುಖಕ್ಕೆ ಕಳೆ ಬಂದಿದೆ ಎಂದು ಸಂತೋಷಪಟ್ಟಿದ್ದರು. ನನಗೆ ಅಂಥ ಕಳೆ ಬೇಕಿರಲಿಲ್ಲ.

ನಮ್ಮದು ಕೋಗಿಲು, ಪೇಟೆಯೊಳಗೆ ಸೇರಿಹೋದ ಹಳ್ಳಿ. ನಾನು ಹುಟ್ಟುವ ಮೊದಲೇ ಜಮೀನು ಮಾರಿ, ಉಳಿದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿಯಾಗಿತ್ತು. ನಾವು ಮೇಲಿನ ಮಹಡಿಯಲ್ಲಿದ್ದೆವು. ನಾನು ಕೃಷಿ ಓದುತ್ತೇನೆ ಎಂದಾಗ ನೆಂಟರೆಲ್ಲ ನಕ್ಕರು. ಹೊಲವಿದ್ದಾಗ ಯಾರಿಗೂ ಬೇಡವಾಗಿದ್ದ ಬೇಸಾಯ, ಹೊಲ ಹೋದ ಮೇಲೆ ಈ ಹುಡುಗಿಗೆ ಬೇಕಾಯಿತಲ್ಲ ಎಂದರು. ಅವರು ನಕ್ಕಷ್ಟೂ ನನಗೆ ಹಟ ಹೆಚ್ಚಾಯಿತು. ಕಾಲೇಜಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ತುಂಡು ನೆಲ ಕೊಡುತ್ತಾರೆ. ಉಳುವುದು, ಬಿತ್ತುವುದು, ಕಳೆ ಕೀಳುವುದು, ಕೊಯ್ಯುವುದು ಎಲ್ಲ ನಾವೇ. ನನ್ನ ಪಾಲಿಗೆ ಬಂದ ನೆಲದಲ್ಲಿ ಬೆಂಡೆ ಹಾಕಿದ್ದೆ. ಮನೆತನದಲ್ಲಿ ಮೂವತ್ತು ವರ್ಷದ ಮೇಲೆ ಮಣ್ಣಿನಲ್ಲಿ ಏನಾದರೂ ಬೆಳೆದವಳು ನಾನೇ ಎಂಬ ಜಂಬ ನನಗಿತ್ತು.

ಅದಕ್ಕೇ ಡಾಕ್ಟರ ಮಾತು ಕೇಳಿ ಕಾಲ ಕೆಳಗಿನ ನೆಲ ಕುಸಿದಂತಾಯಿತು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯ ಡಾಕ್ಟರು ಆಕೆ. ಮಾತು ಕಡಿಮೆ. ಮುಖ ನೋಡಿಕೊಂಡೇ ಮಾತಾಡುವವರು. "ನಿನ್ನ ಕಾಯಿಲೆಗೆ ಬಿಸಿಲು ಆಗಲ್ಲ ಕಣಮ್ಮ. ಚರ್ಮ ಕೆಂಪಗಾಗೋದಷ್ಟೇ ಅಲ್ಲ, ಒಳಗಿನ ಕಾಯಿಲೆಯನ್ನೂ ಅದು ಕೆರಳಿಸಬಹುದು. ಕಿಡ್ನಿ ತನಕ ಹೋದ್ರೆ ಕಷ್ಟ," ಎಂದರು. ನಾನು ಹೊಲದ ವಿಷಯ ಹೇಳಿದೆ. ಅವರು ತುಂಬುತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ, ಬೆಳಗಿನ ಹೊತ್ತು ಮಾತ್ರ ಕೆಲಸ, ಮಾತ್ರೆ ಒಂದು ದಿನವೂ ತಪ್ಪಬಾರದು, ತೆರೆದಿರುವ ಜಾಗಕ್ಕೆಲ್ಲ ಸನ್‌ಸ್ಕ್ರೀನ್ ಎಂದು ಹೇಳಿ, "ನೋಡೋಣ, ಕಾಯಿಲೆ ಹತೋಟಿಯಲ್ಲಿರೋವರೆಗೂ ಓದು," ಎಂದರು. ಅಂದರೆ ಕಾಯಿಲೆ ಕೆರಳಿದರೆ ಓದು ಮುಗಿಯಿತು. ಆಚೆ ಬಂದ ಮೇಲೆ ನಾನು ಮಾಡಿದ ಲೆಕ್ಕ ಅಷ್ಟೇ.

ಮೊದಲು ಕ್ರೀಮು ತಂದೆವು. ಅದನ್ನು ಹಚ್ಚಿಕೊಂಡರೆ ನನ್ನ ಬಣ್ಣಕ್ಕೆ ಮುಖ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಕೈಗೆ ಮಣ್ಣು ಅಂಟುತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ನೋಡುತ್ತಿದ್ದರು. ನಾಲ್ಕು ದಿನ ಗೊಣಗಿ ಐದನೇ ದಿನ ನಾನೇ ಫೋನಿನಲ್ಲಿ ಹುಡುಕಿ ಸ್ಪ್ರೇ ತರಿಸಿದೆ. ಉದ್ದನೆಯ ತಗಡಿನ ಡಬ್ಬಿ. ಮೇಲೆ ಒತ್ತಿದರೆ ಬುಸ್ಸೆಂದು ತಣ್ಣಗೆ ಬೀಳುತ್ತದೆ, ಅಂಟಿಲ್ಲ, ಬಿಳುಪಿಲ್ಲ, ಕಿತ್ತಳೆ ಹಣ್ಣಿನಂಥ ವಾಸನೆ. ಡಬ್ಬಿಯ ಮೇಲೆ ಬಿಸಿಲು ತಡೆಯುವ ಶಕ್ತಿ ಐವತ್ತು ಎಂದು ದಪ್ಪಕ್ಷರದಲ್ಲಿತ್ತು. ಅದರ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಏನೇನೋ ಬರೆದಿತ್ತು. ಬಾಡಿ ಸ್ಪ್ರೇ ಹೊಡೆದುಕೊಳ್ಳಲು ಯಾರು ಪುಸ್ತಕ ಓದುತ್ತಾರೆ?

ಡಬ್ಬಿ ಮನೆಗೆ ಬಂದ ದಿನವೇ ಅದು ಅಮ್ಮನ ಕೈಗೆ ಹೋಯಿತು. ನನ್ನ ಕಾಯಿಲೆಯಲ್ಲಿ ಅಮ್ಮನಿಗೆ ಮಾಡಲು ಏನೂ ಇರಲಿಲ್ಲ. ಮಾತ್ರೆ ನಾನೇ ನುಂಗಬೇಕು, ರಕ್ತ ನಾನೇ ಕೊಡಬೇಕು, ನೋವು ನಾನೇ ತಿನ್ನಬೇಕು. ಅಡುಗೆಮನೆಯಲ್ಲಿ ನಿಂತು ಅಳುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸ ಸಿಕ್ಕಿರಲಿಲ್ಲ. ಈಗ ಸಿಕ್ಕಿತು. ಬೆಳಗ್ಗೆ ನಾನು ಚೀಲ ಹೆಗಲಿಗೆ ಹಾಕಿಕೊಳ್ಳುವ ಹೊತ್ತಿಗೆ ಅಮ್ಮ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು.

"ಬಾ, ಪೂರ್ವಕ್ಕೆ ಮುಖ ಮಾಡಿ ನಿಂತ್ಕೋ."

"ಇದೇನು ಹೋಮಾನಾ? ಹೊಡಿ ಬೇಗ, ಬಸ್ ಹೋಗುತ್ತೆ."

"ಬಾಯ್ ಮುಚ್ಕೊಂಡು ನಿಂತ್ಕೊಳೇ. ಕಣ್ ಮುಚ್ಕೋ."

ನಮ್ಮಲ್ಲಿ ದೃಷ್ಟಿ ತೆಗೆಯುವಾಗ ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಎದುರಿಗಿರುವವರ ಸುತ್ತ ಬಲಕ್ಕೆ ಮೂರು ಸಲ, ಎಡಕ್ಕೆ ಮೂರು ಸಲ ನಿವಾಳಿಸುತ್ತಾರೆ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗಲೆಲ್ಲ ಅಮ್ಮ ಮಾಡುತ್ತಿದ್ದದ್ದು ಅದೇ. ಈಗ ಉಪ್ಪು ಮೆಣಸಿನಕಾಯಿಯ ಜಾಗಕ್ಕೆ ಡಬ್ಬಿ ಬಂತು, ಅಷ್ಟೇ. ಕೈಯನ್ನು ಉದ್ದಕ್ಕೆ ಚಾಚಿ, ಒತ್ತಿ ಹಿಡಿದು, ತಲೆಯಿಂದ ಸೊಂಟದವರೆಗೆ ನನ್ನ ಸುತ್ತ ಮೂರು ಸುತ್ತು ಬರುತ್ತಿದ್ದಳು. ಬುಸ್ಸ್, ಬುಸ್ಸ್, ಬುಸ್ಸ್. ಮುಖಕ್ಕೆ ನೇರವಾಗಿ ಇನ್ನೊಂದು. ಸುತ್ತಲೂ ಕಿತ್ತಳೆ ವಾಸನೆಯ ಮಂಜು. ಆ ಮಂಜಿನ ನಡುವೆ ನಾನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ಕೈ ಮೇಲೆ ಬಿದ್ದ ಹನಿಗಳನ್ನು ಸವರಿಕೊಳ್ಳಲು ಹೋದರೆ ಅಮ್ಮ ಗದರುತ್ತಿದ್ದಳು.

"ಒರೆಸಬೇಡ! ಹಂಗೇ ಬಿಡು. ಒರೆಸಿದ್ರೆ ಗುಣ ಎಲ್ಲ ಕೈಗೆ ಹೋಗುತ್ತೆ."

ನಾನು ಬಿಡುತ್ತಿದ್ದೆ. ವಾಸನೆಯೇ ಸಾಕ್ಷಿಯಾಗಿತ್ತು ನಮಗೆ. ಬಸ್‌ಸ್ಟಾಪಿನಲ್ಲಿ ನಿಂತಾಗಲೂ ನನ್ನ ಮೈಯಿಂದ ಕಿತ್ತಳೆಯ ಘಮ ಬರುತ್ತಿತ್ತು. ವಾಸನೆ ಇದೆಯೆಂದರೆ ಔಷಧಿ ಇದೆ ಎಂದೇ ಅರ್ಥ, ಅಲ್ಲವೇ?

ಎರಡನೇ ವರ್ಷ ಚೆನ್ನಾಗಿಯೇ ಶುರುವಾಯಿತು. ಬೆರಳಿನ ನೋವು ಕಡಿಮೆಯಾಗಿತ್ತು. ಮೂರು ತಿಂಗಳಿಗೊಮ್ಮೆ ಡಾಕ್ಟರ ಹತ್ತಿರ ಹೋಗಿ ಬರುತ್ತಿದ್ದೆವು. ಅವರು "ಸನ್‌ಸ್ಕ್ರೀನ್ ಹಾಕ್ತಿದ್ದೀಯಾ?" ಎಂದು ಕೇಳುವರು, "ದಿನಾ ಹಾಕ್ತೀನಿ ಮೇಡಂ" ಎಂದು ಅಮ್ಮ ಹೇಳುವಳು, ಅವರು ತಲೆಯಾಡಿಸುವರು. ಪ್ರಶ್ನೆಯೂ ಸರಿಯಾಗಿತ್ತು, ಉತ್ತರವೂ ನಿಜವೇ ಆಗಿತ್ತು.

ಧನುರ್ಮಾಸದ ಗಾಳಿ ಶುರುವಾದ ಮೇಲೆ ಬಾಗಿಲಲ್ಲಿ ನಿಂತರೆ ಸ್ಪ್ರೇಯ ಮಂಜು ನನ್ನತ್ತ ಬರುವ ಬದಲು ಪಕ್ಕದ ಮನೆಯವರು ಒಣಗಲು ಹಾಕಿದ ಬಟ್ಟೆಯ ಕಡೆಗೆ ಹೋಗಲು ಶುರುವಾಯಿತು. ಅಮ್ಮನ ಕಣ್ಣಿಗೆ ಅದು ಬಿತ್ತು. ಅವಳು ಕಂಡುಕೊಂಡ ದಾರಿ ಎಂದರೆ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ, ಬಚ್ಚಲಿಗೂ ಅಜ್ಜಿಯ ಕೋಣೆಗೂ ನಡುವಿನ ಸಣ್ಣ ಓಣಿಯಲ್ಲಿ ನಿಲ್ಲಿಸುವುದು. ಅಲ್ಲಿ ಕಿಟಕಿ ಇಲ್ಲ. ಎರಡೂ ಕಡೆಯ ಬಾಗಿಲು ಹಾಕಿಕೊಂಡರೆ ಗಾಳಿ ಸುಳಿಯುವುದಿಲ್ಲ. ಒಂದು ಹನಿಯೂ ವ್ಯರ್ಥವಾಗದಂತೆ ಮಾಡಿದೆ ಎಂಬ ಹೆಮ್ಮೆ ಅಮ್ಮನಿಗೆ.

ನಾನು ಕೆಮ್ಮಲು ಶುರುಮಾಡಿದ್ದು ಆಗ. ಎಷ್ಟು ಹೊತ್ತು ಅಂತ ಉಸಿರು ಬಿಗಿಹಿಡಿಯುವುದು? ಅಮ್ಮ ಮೂರು ಸುತ್ತು ಮುಗಿಸಿ ಬಾಗಿಲು ತೆಗೆಯುವುದರೊಳಗೆ ಒಂದು ಉಸಿರಾದರೂ ಒಳಗೆ ಹೋಗುತ್ತಿತ್ತು. ನಾಲಿಗೆಯ ಮೇಲೆ ಕಹಿ, ಗಂಟಲಿನಲ್ಲಿ ಕೆರೆತ. ಅಜ್ಜಿಯ ಪಾಡು ಇನ್ನೂ ಕಷ್ಟ. ಅಜ್ಜಿಗೆ ಮೊದಲೇ ಉಬ್ಬಸ. ಬಾಗಿಲ ಸಂದಿನಿಂದ ಮಂಜು ಒಳಗೆ ನುಗ್ಗಿದ ಕೂಡಲೇ ಅವರ ಎದೆಯೊಳಗೆ ಸೀಟಿ ಊದಿದ ಸದ್ದು ಕೇಳುತ್ತಿತ್ತು. ದಿಂಬಿನ ಕೆಳಗಿನ ಇನ್‌ಹೇಲರ್ ತಡಕಿ ಎಳೆದುಕೊಂಡು, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಕೂಗುತ್ತಿದ್ದರು.

"ಏನೇ ಅದು, ದಿನಾ ಒತ್ತಾರೆ ಇಂಗೆ ಒಗೆ ಆಕ್ತೀಯಾ? ನನ್ನ ಓಗ್ಸೋ ತನಕ ಬುಡಲ್ವಾ?"

"ಹೊಗೆ ಅಲ್ಲ ಅತ್ತೆ, ಔಷಧಿ. ನಿಮ್ ಮೊಮ್ಮಗಳಿಗೆ."

ಮೊಮ್ಮಗಳಿಗೆ ಎಂದ ಮೇಲೆ ಅಜ್ಜಿ ಸುಮ್ಮನಾಗುತ್ತಿದ್ದರು. ಚಳಿಗೆ ಉಬ್ಬಸ ಹೆಚ್ಚಾಗಿದೆ ಎಂದುಕೊಂಡು ಅಪ್ಪ ಅವರಿಗೆ ಹೊಸ ಕಂಬಳಿ ತಂದರು.

ಅದೇ ತಿಂಗಳು ಕಾಲೇಜಿನಲ್ಲಿ ನಮಗೆ ಔಷಧಿ ಸಿಂಪಡಿಸುವ ಪಾಠವಾಯಿತು. ಬೆನ್ನಿಗೆ ಕಟ್ಟಿಕೊಳ್ಳುವ ಪಂಪು, ಮೂಗು ಬಾಯಿಗೆ ಮಾಸ್ಕು. ಮೇಷ್ಟ್ರು ಸಾಲಿನುದ್ದಕ್ಕೂ ಓಡಾಡುತ್ತ ಹೇಳುತ್ತಿದ್ದರು. ಗಾಳಿಗೆದುರಾಗಿ ಹೊಡೆಯಬೇಡಿ, ಔಷಧಿಯೆಲ್ಲ ನಿಮ್ಮ ಮೂಗಿಗೆ ಬರುತ್ತದೆ. ದೂರದಿಂದ ಹೊಡೆದರೆ ಅರ್ಧ ಗಾಳಿಪಾಲು, ಎಲೆಗೆ ಸಿಗುವುದಿಲ್ಲ. ಎಲೆಯ ಹತ್ತಿರ ಹಿಡಿಯಿರಿ, ಪೂರ್ತಿ ತೋಯಬೇಕು, ಕೆಳಭಾಗ ಬಿಡಬೇಡಿ. ನಾನು ಎಲ್ಲವನ್ನೂ ಬರೆದುಕೊಂಡೆ, ಬೆಂಡೆ ಸಾಲಿಗೆ ಅಚ್ಚುಕಟ್ಟಾಗಿ ಹೊಡೆದೆ, ಮೇಷ್ಟ್ರ ಕೈಲಿ ಭೇಷ್ ಅನ್ನಿಸಿಕೊಂಡೆ. ಮಾರನೇ ದಿನ ಬೆಳಗ್ಗೆ ಓಣಿಯಲ್ಲಿ ಕಣ್ಣು ಮುಚ್ಚಿ ಅಮ್ಮನ ಮೂರು ಸುತ್ತಿಗೆ ನಿಂತೆ. ಬೆಂಡೆ ಗಿಡದ ಮೇಲೆ ನನಗಿದ್ದ ಬುದ್ಧಿ ನನ್ನ ಮೈಮೇಲೆ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಬಿಸಿಲು ಬಲಿಯಿತು. ಬೆಳಗ್ಗೆ ಮಾತ್ರ ಎಂದು ಡಾಕ್ಟರು ಹೇಳಿದ್ದರೂ ಕೊಯ್ಲಿನ ದಿನಗಳಲ್ಲಿ ಮಧ್ಯಾಹ್ನವಾಗುತ್ತಿತ್ತು. ನಾನು ಹಟ ಮಾಡಿ ನಿಲ್ಲುತ್ತಿದ್ದೆ. ಬೆಂಡೆಕಾಯಿಯ ಸುಂಕಿಗೆ, ಆ ನವಿರು ಮುಳ್ಳಿಗೆ, ಕೈ ಕಡಿಯುತ್ತದೆ, ಅದಕ್ಕೇ ಅಂಗಿಯ ತೋಳು ಇಳಿಬಿಡಬೇಕು, ಆದರೆ ಸೆಕೆಗೆ ತೋಳು ಮೇಲೇರುತ್ತಿತ್ತು. ಮೊದಲು ಕಿವಿಯ ತುದಿ ಉರಿಯಿತು. ಆಮೇಲೆ ಕತ್ತಿನ ಹಿಂಭಾಗ. ಆಮೇಲೆ ಮೊಣಕೈಯಿಂದ ಕೆಳಗೆ ಹೊರಭಾಗದಲ್ಲಿ ಕೆಂಪು ಬಿಲ್ಲೆಗಳು ಎದ್ದವು. ವಾಚು ಕಟ್ಟಿದ್ದ ಜಾಗ ಮಾತ್ರ ಮೊದಲಿನ ಬಣ್ಣದಲ್ಲೇ ಉಳಿದಿತ್ತು. ಸುಂಕಿನ ಗಾದರಿ ಎಂದುಕೊಂಡೆ. ಸುಳ್ಳು, ಹಾಗೆ ಅಂದುಕೊಳ್ಳಲು ಪ್ರಯತ್ನಪಟ್ಟೆ. ರಾತ್ರಿ ಮಲಗಿದರೆ ತೋಳು ಹಾಸಿಗೆಗೆ ತಾಗದಂತೆ ಎತ್ತಿ ಹಿಡಿಯಬೇಕಾಗಿತ್ತು. ಅಮ್ಮನಿಗೆ ಹೇಳಿದರೆ ಹೊಲ ನಿಲ್ಲುತ್ತದೆ ಎಂಬ ಭಯಕ್ಕೆ ತುಂಬುತೋಳಿನಲ್ಲೇ ಮನೆಯಲ್ಲೂ ಓಡಾಡಿದೆ.

ಆಮೇಲೆ ಕಾಲು ಊದಿತು. ಸಂಜೆ ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಗುಳಿಬಿದ್ದು ಹಾಗೇ ಇರುತ್ತಿತ್ತು. ಬೆಳಗ್ಗೆ ಕಣ್ಣಿನ ಸುತ್ತ ಬಾವು. ಮೂತ್ರದಲ್ಲಿ ನೊರೆ, ಸೋಪಿನ ನೀರಿನ ಹಾಗೆ ನಿಲ್ಲುವ ನೊರೆ. ನೊರೆ ಕಂಡರೆ ಕೂಡಲೇ ಬಾ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬಚ್ಚಲಿನಲ್ಲಿ ಗೋಡೆಗೆ ಒರಗಿ ನಿಂತು, ನೀರು ಹಾಕಿ, ಮತ್ತೆ ನೋಡಿ, ಮತ್ತೆ ನೀರು ಹಾಕಿದೆ. ಎಷ್ಟು ನೀರು ಹಾಕಿದರೇನು?

ಅಂದು ಅಮ್ಮನ ಮುಂದೆ ತೋಳು ತೋರಿಸಿದೆ. ಅಮ್ಮ ಅಳಲಿಲ್ಲ. ಅವಳಿಗೆ ಕೋಪ ಬಂತು, ನನ್ನ ಮೇಲಲ್ಲ, ಡಬ್ಬಿಯ ಮೇಲೆ.

"ಐವತ್ತು ಅಂತ ಹಾಕಿದ್ದಾರೆ. ಸುಳ್ಳು ಹೇಳ್ತಾರಾ ನನ್ಮಕ್ಳು? ದಿನಾ ಬಿಡದೆ ಹೊಡ್ದಿದ್ದೀನಿ ನಾನು. ಒಂದು ದಿನ ತಪ್ಪಿಸಿದ್ರೆ ಹೇಳು. ಬರೀ ನೀರು ತುಂಬಿ ಕೊಟ್ಟಿದ್ದಾರೆ. ಡಾಕ್ಟ್ರಿಗೇ ತೋರ್ಸ್ತೀನಿ, ಕೇಸ್ ಹಾಕ್ತೀನಿ!"

ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಅಪ್ಪ ಕಾರು ತೆಗೆದರು. ಹೆಬ್ಬಾಳದ ಫ್ಲೈಓವರಿನ ಮೇಲೆ ಎಂದಿನಂತೆ ಗಾಡಿಗಳು ನಿಂತಿದ್ದವು. ಕಾರಿನ ಗಾಜಿನಿಂದ ಬಿಸಿಲು ನನ್ನ ತೊಡೆಯ ಮೇಲೆ ಬಿತ್ತು. ಅಮ್ಮ ಸೆರಗು ಚಾಚಿ ಅದನ್ನು ತಡೆದಳು. ದಾರಿಯುದ್ದಕ್ಕೂ ಸೆರಗನ್ನು ಹಿಡಿದೇ ಕೂತಿದ್ದಳು.

ರಿಪೋರ್ಟು ಬಂದಾಗ ಡಾಕ್ಟರು ಎರಡು ಸಲ ಓದಿದರು. ಮೂತ್ರದಲ್ಲಿ ಪ್ರೋಟೀನ್ ತುಂಬ ಸೋರುತ್ತಿದೆ, ಅಡ್ಮಿಟ್ ಆಗಬೇಕು, ಕಿಡ್ನಿಯಿಂದ ಚೂರು ತೆಗೆದು ನೋಡಬೇಕು ಎಂದರು. ನನ್ನ ಕಿವಿ, ಕತ್ತು, ತೋಳು ತಿರುಗಿಸಿ ನೋಡಿದರು. ಅಮ್ಮ ಕಾಯುತ್ತಿದ್ದದ್ದು ಅದಕ್ಕೇ. ಕವರಿನಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟಳು.

"ಮೇಡಂ, ಇದು ಡೂಪ್ಲಿಕೇಟ್ ಮಾಲು. ನೋಡಿ ಬೇಕಾದ್ರೆ. ಒಂದು ದಿನ ಬಿಟ್ಟಿಲ್ಲ ನಾನು."

ಡಾಕ್ಟರು ಡಬ್ಬಿಯನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದರು. ಅಲುಗಾಡಿಸಿ ತೂಕ ನೋಡಿದರು.

"ಒಂದು ಡಬ್ಬಿ ಎಷ್ಟು ದಿನ ಬರುತ್ತಮ್ಮ?"

"ಮೂರು ತಿಂಗಳು ಬರುತ್ತೆ ಮೇಡಂ. ನಾನು ವೇಸ್ಟ್ ಮಾಡಲ್ಲ."

ಡಾಕ್ಟರು ಡಬ್ಬಿಯನ್ನು ಅಮ್ಮನ ಕೈಗೆ ವಾಪಸು ಕೊಟ್ಟರು. ಆಮೇಲೆ ಮೆತ್ತಗೆ, "ಹೆಂಗೆ ಹೊಡೀತೀರಾ, ಒಂದ್ಸಲ ತೋರಿಸಿ. ಮುಚ್ಚಳ ತೆಗೀಬೇಡಿ, ಇಲ್ಲಿ ರೂಮ್ ಒಳಗೆ ಬೇಡ. ಸುಮ್ನೆ ಕೈಯಲ್ಲಿ ತೋರಿಸಿ," ಎಂದರು.

ಅಮ್ಮ ಎದ್ದಳು. ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಪೂರ್ವ ಯಾವ ಕಡೆ ಎಂದು ಒಂದು ಕ್ಷಣ ಹುಡುಕಿದಳು. ಆಮೇಲೆ ಮುಚ್ಚಳವಿದ್ದ ಡಬ್ಬಿಯನ್ನು ಕೈ ಚಾಚಿ ಹಿಡಿದು, ನನ್ನ ಸುತ್ತ ಮೂರು ಸುತ್ತು ಬಂದಳು. ತಪ್ಪಾಗದಂತೆ, ನಿಧಾನವಾಗಿ, ಪರೀಕ್ಷೆ ಬರೆಯುವವಳ ಹಾಗೆ. ಬಾಯಲ್ಲಿ ಬುಸ್ಸ್ ಎಂದು ಸದ್ದು ಬೇರೆ ಮಾಡಿದಳು. ಕೊನೆಗೆ ಮುಖದ ಎದುರು ಹಿಡಿದು ಒಂದು.

"ಆಮೇಲೆ?" ಎಂದರು ಡಾಕ್ಟರು.

"ಆಮೇಲೇನೂ ಇಲ್ಲ ಮೇಡಂ. ಒರೆಸಕ್ಕೆ ಬಿಡಲ್ಲ ನಾನು."

ಆ ಹೊತ್ತಿಗೆ ನನಗೆ ಎಲ್ಲ ತಿಳಿದುಹೋಯಿತು. ಬೆಂಡೆ ಸಾಲು, ಮೇಷ್ಟ್ರು, ಗಾಳಿ, ಎಲೆ. ಡಾಕ್ಟರು ಬಾಯಿ ಬಿಡುವ ಮೊದಲೇ ಅಮ್ಮನನ್ನು ಆ ಕೋಣೆಯಿಂದ ಎಳೆದುಕೊಂಡು ಆಚೆ ಹೋಗಬೇಕು ಅನ್ನಿಸಿತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ, ಅಮ್ಮ ತಿರುಗಿ ಜಗಳವಾಡುತ್ತಿದ್ದಳು. "ಡಬ್ಬಿ ಸುಳ್ಳಲ್ಲಮ್ಮ," ಎಂದರು. "ಆ ಐವತ್ತು ಅನ್ನೋದು ಪರೀಕ್ಷೆ ಮಾಡುವಾಗ ಅಳತೆ ಮಾಡಿ, ಒಂದೇ ಸಮ ದಪ್ಪಗೆ ಹಚ್ಚಿ ಕಂಡುಹಿಡಿದಿರೋದು. ಅಷ್ಟು ದಪ್ಪ ಚರ್ಮದ ಮೇಲೆ ಕೂತ್ರೆ ಮಾತ್ರ ಐವತ್ತು. ತೆಳ್ಳಗೆ ಬಿದ್ರೆ ಅದು ಹತ್ತೂ ಆಗಬಹುದು, ಐದೂ ಆಗಬಹುದು. ಸ್ಪ್ರೇನಲ್ಲಿ ಎಷ್ಟು ಬಿತ್ತು ಅಂತ ಕಣ್ಣಿಗೆ ಗೊತ್ತಾಗಲ್ಲ, ಅದೇ ಅದರ ತೊಂದರೆ. ಗೇಣಿಗಿಂತ ಹತ್ತಿರ ಹಿಡಿದು, ಚರ್ಮ ಒದ್ದೆಯಾಗಿ ಮಿಂಚೋ ತನಕ ಹೊಡೆದು, ಆಮೇಲೆ ಕೈಯಲ್ಲಿ ಎಲ್ಲ ಕಡೆ ಸವರಬೇಕು. ಎರಡು ಗಂಟೆಗೊಂದ್ಸಲ ಮತ್ತೆ. ಬೆವರಿದ್ರೆ ಇನ್ನೂ ಬೇಗ. ಹಂಗೆ ಹೊಡೆದ್ರೆ ಈ ಡಬ್ಬಿ ಕೆಲವೇ ದಿನಕ್ಕೆ ಖಾಲಿ ಆಗುತ್ತೆ."

ಅಮ್ಮ ಕೈಯಲ್ಲಿದ್ದ ಡಬ್ಬಿಯನ್ನು ನೋಡುತ್ತಿದ್ದಳು.

"ಮುಖಕ್ಕೆ ಯಾವತ್ತೂ ನೇರ ಹೊಡೀಬಾರದು. ಅಂಗೈಗೆ ಹೊಡ್ಕೊಂಡು ಹಚ್ಚಬೇಕು. ಉಸಿರಲ್ಲಿ ಒಳಗೆ ಹೋಗಬಾರದು ಅದು. ಕಿಟಕಿ ಇಲ್ಲದ ಜಾಗದಲ್ಲಿ ಬೇಡವೇ ಬೇಡ. ದೀಪ, ಒಲೆ ಹತ್ತಿರನೂ ಬೇಡ, ಹೊತ್ಕೊಳ್ಳುತ್ತೆ. ಮನೇಲಿ ಉಬ್ಬಸದವರು ಯಾರಾದ್ರೂ ಇದ್ದಾರಾ?"

ನಾನು ಅಜ್ಜಿ ಎಂದೆ. ಅಮ್ಮ ಕೂತುಬಿಟ್ಟಳು.

"ಇವಳಿಗೆ ಕ್ರೀಮೇ ಸರಿ. ಮುಖ, ಕತ್ತಿಗೆ ಎರಡು ಬೆರಳಿನುದ್ದ. ಕಿವಿ, ಕತ್ತಿನ ಹಿಂದೆ ಮರೀಬೇಡಿ," ಎಂದು ಹೇಳಿ, ಅಮ್ಮನ ಮುಖ ನೋಡಿ ಡಾಕ್ಟರು ತಡೆದರು. "ನೋಡಿಮ್ಮ, ಬಿಸಿಲೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಈ ಕಾಯಿಲೆ ಎಲ್ಲ ಸರಿಯಾಗಿ ಮಾಡಿದ್ರೂ ಒಮ್ಮೊಮ್ಮೆ ಕೆರಳುತ್ತೆ. ಯಾಕೆ ಅಂತ ಯಾರಿಗೂ ಖಚಿತವಾಗಿ ಗೊತ್ತಾಗಲ್ಲ. ನಿಮ್ಮನ್ನ ನೀವು ಬೈಕೋಬೇಡಿ."

ಅಮ್ಮ ತಲೆಯಾಡಿಸಿದಳು. ಅವಳ ಕಿವಿಗೆ ಆ ಮಾತು ಬಿದ್ದಂತೆ ಕಾಣಲಿಲ್ಲ.

ಆಸ್ಪತ್ರೆಯ ದಿನಗಳ ಬಗ್ಗೆ ಬರೆಯಲು ಹೆಚ್ಚು ಇಲ್ಲ. ಬೋರಲು ಮಲಗಿಸಿ ಬೆನ್ನಿಗೆ ಸೂಜಿ ಚುಚ್ಚಿದರು. ಆಮೇಲೆ ಅಲುಗಾಡದೆ ಅಂಗಾತ ಮಲಗಿರಬೇಕಿತ್ತು. ಚಾವಣಿಯ ಫ್ಯಾನಿನ ರೆಕ್ಕೆಯ ಮೇಲಿನ ಧೂಳು ನೋಡುತ್ತ, ಇಪ್ಪತ್ತು ವರ್ಷಕ್ಕೇ ಕಿಡ್ನಿ ಹೋದರೆ ಮುಂದೇನು ಎಂದು ಯೋಚಿಸಿದೆ. ಸ್ಟೀರಾಯ್ಡನ್ನು ನರಕ್ಕೆ ಹರಿಸಿದರು. ಮುಖ ಊದಿ ಕನ್ನಡಿಯಲ್ಲಿ ಬೇರೆ ಯಾರೋ ಕಂಡರು. ಬಾಚಿದರೆ ಕೂದಲು ಹಿಡಿಹಿಡಿಯಾಗಿ ಬರುತ್ತಿತ್ತು. ಫೋನಿನಲ್ಲಿ ಗೆಳತಿಯೊಬ್ಬಳು ನನ್ನ ನೆಲದ ಚಿತ್ರ ಕಳಿಸಿದಳು. ಕೊಯ್ಯುವವರಿಲ್ಲದೆ ಬೆಂಡೆಕಾಯಿ ಬಲಿತು, ಒಣಗಿ, ಗಿಡದಲ್ಲೇ ಸೀಳಿಹೋಗಿತ್ತು. ಈ ವರ್ಷದ ಪ್ರಾಯೋಗಿಕ ಹಾಜರಿ ಸಾಲದು, ಮುಂದಿನ ವರ್ಷ ಮತ್ತೆ ಕೂರಬೇಕು, ಅದೂ ಡಾಕ್ಟರ ಒಪ್ಪಿಗೆ ಪತ್ರ ತಂದರೆ ಎಂದು ಕಾಲೇಜಿನವರು ಅಪ್ಪನಿಗೆ ಹೇಳಿದ್ದರು. ಡಾಕ್ಟರನ್ನು ಕೇಳಿದೆ. "ಮೊದಲು ಸೋರೋದು ನಿಲ್ಲಲಿ," ಎಂದರು. ನಾನು ಗೋಡೆಯ ಕಡೆಗೆ ತಿರುಗಿ ಅತ್ತೆ. ಯಾರ ಮೇಲಾದರೂ ಕೂಗಾಡಬೇಕಿತ್ತು. ಕೂಗಾಡಲು ಇದ್ದವಳು ಅಮ್ಮ ಒಬ್ಬಳೇ, ಅವಳ ಮುಖ ನೋಡಿದರೆ ಬಾಯಿ ಬರುತ್ತಿರಲಿಲ್ಲ.

ಅಮ್ಮ ಮಾತು ಬಿಟ್ಟಿದ್ದಳು. ಊಟ ತರುವಳು, ಬಾಟಲಿಗೆ ನೀರು ತುಂಬುವಳು, ಮಾತ್ರೆ ಎಣಿಸಿ ಕೊಡುವಳು. ನನ್ನನ್ನು ಮುಟ್ಟುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಕ್ರೀಮಿನ ಟ್ಯೂಬನ್ನು ನನ್ನ ಪಕ್ಕದಲ್ಲಿಟ್ಟು, "ನೀನೇ ಹಚ್ಕೋ, ನಂಗೆ ಗೊತ್ತಾಗಲ್ಲ," ಎಂದು ಅಡುಗೆಮನೆಗೆ ಹೋದಳು. ನನಗೆ ಸಿಟ್ಟು ಬಂತು. ಕತ್ತಿನ ಹಿಂದೆ ನಾನೇ ಹೇಗೆ ಹಚ್ಚಿಕೊಳ್ಳಲಿ? ಅಜ್ಜಿಯನ್ನು ಕರೆದೆ. ಅಜ್ಜಿ ಬಾಣಂತಿಗೆ ಎಣ್ಣೆ ತಿಕ್ಕುವವರ ಹಾಗೆ ಬೆನ್ನ ತನಕ ತಿಕ್ಕಿದರು. ಓಣಿಯ ಮಂಜು ನಿಂತ ಮೇಲೆ ಅವರ ಎದೆಯ ಸೀಟಿಯೂ ನಿಂತಿತ್ತು.

ಶಿವರಾತ್ರಿ ಕಳೆದು ಕೆಲವು ದಿನವಾಗಿತ್ತು. ಅಮ್ಮ ಮಧ್ಯಾಹ್ನ ತಾರಸಿಯ ಮೇಲೆ ಹೋಗಿ ಕೂರಲು ಶುರುಮಾಡಿದಳು. ಮೆಣಸಿನಕಾಯಿ ಒಣಗಕ್ಕೆ ಹಾಕಿದ್ದೀನಿ, ಪಾರಿವಾಳ ಕಾಯಬೇಕು ಎಂದಳು. ನಾನು ಬಿಸಿಲಿಗೆ ಹೋಗುವಂತಿರಲಿಲ್ಲ, ಮೆಟ್ಟಿಲ ಬಾಗಿಲವರೆಗೂ ಹೋಗುತ್ತಿರಲಿಲ್ಲ. ಎರಡನೇ ದಿನ ಅವಳು ಕೆಳಗಿಳಿದಾಗ ಕಿತ್ತಳೆಯ ವಾಸನೆ ಬಂತು. ನಾನು ಎದ್ದು ಅವಳಿಗೆ ಅಡ್ಡ ನಿಂತೆ.

"ಅಮ್ಮ, ಏನ್ ಮಾಡ್ತಿದ್ದೆ ಮೇಲೆ?"

"ಏನಿಲ್ಲ."

"ಸೆರಗು ತೆಗಿ. ಕೈ ತೋರ್ಸು."

ಅವಳು ಸೆರಗಿನೊಳಗೆ ತೋಳು ಸುತ್ತಿಕೊಂಡಿದ್ದಳು. ನಾನೇ ಎಳೆದೆ. ಅಮ್ಮನದು ನನಗಿಂತ ತಿಳಿ ಬಣ್ಣ. ಎಡಗೈ ಮೊದಲಿನಂತೆಯೇ ಇತ್ತು, ಸ್ವಲ್ಪ ಬಿಸಿ ಅಷ್ಟೇ. ಬಲಗೈ ಮೊಣಕೈಯಿಂದ ಬೆರಳಿನವರೆಗೆ ಕೆಂಡದ ಬಣ್ಣಕ್ಕೆ ತಿರುಗಿತ್ತು. ಮುಟ್ಟಿದರೆ ಝಳ ಹೊಡೆಯಿತು. ಅಲ್ಲಲ್ಲಿ ಮಾತ್ರ, ಹನಿಗಳು ಒತ್ತೊತ್ತಾಗಿ ಬಿದ್ದಿದ್ದ ಜಾಗದಲ್ಲಿ, ತಿಳಿ ಮಚ್ಚೆಗಳು ಉಳಿದಿದ್ದವು. ಅವಳೇನು ಮಾಡಿದ್ದಾಳೆಂದು ಕೇಳಬೇಕಾಗಿರಲಿಲ್ಲ. ಆದರೂ ಅವಳು ಹೇಳಿದಳು, ಕೆಳಗೆ ನೋಡಿಕೊಂಡು.

"ಇದು ಡಾಕ್ಟ್ರು ಹೇಳಿದಂಗೆ. ಹತ್ತಿರ ಹಿಡಿದು, ಸವರಿದ್ದು." ಎಡಗೈ ಮುಂದೆ ಮಾಡಿದಳು. ಆಮೇಲೆ ಬಲಗೈ. "ಇದು ನಿಂಗೆ ಹೊಡೀತಿದ್ದಂಗೆ ಹೊಡ್ಕೊಂಡಿದ್ದು. ದೂರದಿಂದ. ಒರೆಸದೆ."

"ಹುಚ್ಚಾ ನಿಂಗೆ? ಎರಡು ದಿನ ಬಿಸಿಲಲ್ಲಿ ಕೂತಿದ್ಯಾ? ಡಾಕ್ಟ್ರು ಹೇಳಿದ್ರಲ್ಲ, ಬಿಸಿಲೊಂದೇ ಅಲ್ಲ ಅಂತ. ನೀನ್ ಮಾಡಿದ್ದಲ್ಲ ಅಂತ ಹೇಳಿದ್ರಲ್ಲಮ್ಮ!"

"ಅವರು ನನ್ನ ಸಮಾಧಾನಕ್ಕೆ ಹೇಳಿದ್ದು," ಎಂದಳು ಅಮ್ಮ. "ಈ ಕೈ ಸುಳ್ಳು ಹೇಳುತ್ತಾ?"

ಫ್ರಿಜ್ಜಿನಿಂದ ತಣ್ಣೀರು ತಂದು, ಬಟ್ಟೆ ಅದ್ದಿ, ಆ ಕೈ ಮೇಲೆ ಇಡಲು ಹೋದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಬೇಡ, ಉರೀಲಿ ಬಿಡು."

ನಾನು ಬಿಡಲಿಲ್ಲ. ಮಣಿಕಟ್ಟು ಗಟ್ಟಿಯಾಗಿ ಹಿಡಿದು, ಒದ್ದೆ ಬಟ್ಟೆಯನ್ನು ಮೊಣಕೈಯಿಂದ ಬೆರಳವರೆಗೆ ಹಾಸಿ ಕೂತೆ. ಬಟ್ಟೆ ಬೇಗ ಬಿಸಿಯಾಯಿತು. ಮತ್ತೆ ಅದ್ದಿ ಹಾಕಿದೆ. ಎಷ್ಟೋ ಹೊತ್ತಿನ ಮೇಲೆ ಅಮ್ಮ ತಲೆಯೆತ್ತಿ ನನ್ನ ತೋಳಿನ ಮೇಲಿನ ಬಿಲ್ಲೆಗಳನ್ನು ನೋಡಿದಳು.

"ನಿಂಗೂ ಹಿಂಗೇ ಉರೀತಿತ್ತಾ?"

"ಇಲ್ಲಮ್ಮ," ಎಂದೆ.

ಅಮ್ಮ ನಂಬಲಿಲ್ಲ.